ಟ್ರ್ಯಾಪ್ ಕೇಸು: ಹೇಗೆ ಹಿಡೀತಾರೆ, ಡಿಫೆನ್ಸ್ ಎಲ್ಲಿ ಪ್ರಶ್ನೆ ಮಾಡ್ಬಹುದು – ಹಂತ ಹಂತವಾಗಿ

ಟ್ರ್ಯಾಪ್ ಕೇಸು ಅಂದ್ರೆ ಪುಡಿ ಹಚ್ಚಿದ ನೋಟು ಕೊಡಿಸಿ, ಲಂಚ ತಗೊಳ್ಳುವಾಗ್ಲೇ ಸರ್ಕಾರಿ ನೌಕರನನ್ನ ಹಿಡಿಯೋ ಕೇಸು. ಅದರ ಫೈಲ್ ಹಿಡ್ಕೊಂಡು ಆಫೀಸಿಗೆ ಬರೋರು ಎರಡೇ ಮಾತು ಹೇಳ್ತಾರೆ. ಒಂದು, "ಸಾರ್, ಕೈ ಪಿಂಕ್ ಬಂದ್ಬಿಟ್ಟಿದೆ, ಮುಗೀತಲ್ವಾ?" ಇನ್ನೊಂದು, "ಫಿರ್ಯಾದಿ ನಮ್ಮೂರಿನವ್ನೇ ಸಾರ್, ಕೋರ್ಟಲ್ಲಿ ಮಾತು ತಿರುಗಿಸಿ ಹೋಸ್ಟೈಲ್ ಮಾಡಿಸ್ತೀವಿ, ಗೆದ್ದಂಗೇ." ಎರಡೂ ತಪ್ಪು. ಜೂನಿಯರ್ ವಕೀಲರೂ ಇದೇ ಎರಡು ಗುಂಡಿಗೆ ಬೀಳ್ತಾರೆ, ನಾನೂ ಬಿದ್ದಿದೀನಿ. ಮೊದಲನೇ ಟ್ರ್ಯಾಪ್ ಟ್ರಯಲ್‌ನಲ್ಲಿ ಅರ್ಧ ದಿನ ಸೀಸೆ, ಸೀಲು, ನೀರಿನ ಬಣ್ಣ ಅಂತ ಪಾಟಿ ಸವಾಲು ಮಾಡಿ, ಫಿರ್ಯಾದಿ ಹತ್ರ "ಇವರು ದುಡ್ಡು ಕೇಳೇ ಇಲ್ಲ" ಅನ್ನೋ ಸಜೆಶನ್ ಒಂದೇ ಲೈನಲ್ಲಿ ಹಾಕಿ ಕೂತಿದ್ದೆ. ಶಿಕ್ಷೆ ಆಯ್ತು. ತೀರ್ಪಲ್ಲಿ ಬಣ್ಣದ ಬಗ್ಗೆ ಎರಡು ಸಾಲು ಇತ್ತು, ಬೇಡಿಕೆ ಬಗ್ಗೆ ಹನ್ನೊಂದು ಪುಟ.

ಅದಕ್ಕೇ ಇಲ್ಲಿ ಬೇಡಿಕೆ ಅನ್ನೋ ಒಂದು ದಾರ ಹಿಡ್ಕೊಂಡೇ ಹೋಗ್ತೀನಿ. ಕರ್ನಾಟಕದ ಲೋಕಾಯುಕ್ತ ಪೊಲೀಸರು ಮಾಡೋ ಟ್ರ್ಯಾಪ್ ಬಗ್ಗೆ ಹೇಳ್ತೀನಿ (2016ರಿಂದ ಈ ಕೆಲಸ ಭ್ರಷ್ಟಾಚಾರ ನಿಗ್ರಹ ದಳ, ಅಂದ್ರೆ ಎಸಿಬಿ ಮಾಡ್ತಿತ್ತು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿನೇ ರದ್ದು ಮಾಡಿದ್ಮೇಲೆ ವಾಪಸ್ ಲೋಕಾಯುಕ್ತಕ್ಕೆ ಬಂತು).

## ಮೊದಲು ನಮ್ಮ ಉದಾಹರಣೆ ಕೇಸು

ಇದು ಯಾರ ನಿಜವಾದ ಕೇಸೂ ಅಲ್ಲ, ವಿವರಿಸೋಕೆ ನಾನೇ ಕಟ್ಟಿದ್ದು. ಒಂದು ಹೋಬಳಿ. ತಂದೆ ತೀರ್ಕೊಂಡಿದಾರೆ, ಮಗ ಪೌತಿ ಖಾತೆಗೆ ಅರ್ಜಿ ಹಾಕಿದಾನೆ. ಗ್ರಾಮ ಆಡಳಿತಾಧಿಕಾರಿ, ಅಂದ್ರೆ ನಾವು ಇನ್ನೂ ವಿಎ ಅಂತಲೇ ಕರೆಯೋರು, ಶುಕ್ರವಾರ 10,000 ಕೇಳಿದ್ರು, ಸೋಮವಾರ ಚೌಕಾಸಿ ಆಗಿ 8,000ಕ್ಕೆ ಬಂತು ಅಂತ ಮಗನ ದೂರು. ಬುಧವಾರ ಬೆಳಗ್ಗೆ ಲೋಕಾಯುಕ್ತ ಠಾಣೆಗೆ ದೂರು ಕೊಟ್ಟ, ಅದೇ ದಿನ ಮಧ್ಯಾಹ್ನ 3.45ಕ್ಕೆ ಟ್ರ್ಯಾಪ್. ದುಡ್ಡು ಸಿಕ್ಕಿದ್ದು ಮೇಜಿನ ಮೇಲಿದ್ದ ರಿಜಿಸ್ಟರ್ ಕೆಳಗೆ. ವಿಎ ಬಲಗೈ ತೊಳೆದ ನೀರು ಪಿಂಕ್, ಎಡಗೈ ನೀರು ಹಾಗೇ ಇತ್ತು.

## ಹಂತ 1: ಹಿಡಿಯೋ ಕ್ರಮ ಗೊತ್ತಿಲ್ದೇ ಫೈಲ್ ಓದ್ಬೇಡಿ

ದೂರು ಬಂದ ತಕ್ಷಣ ಎಫ್‌ಐಆರ್ ಆಗ್ಬೇಕು, ಆಮೇಲೆ ಟ್ರ್ಯಾಪ್. ಬೇರೆ ಇಲಾಖೆಯಿಂದ ಇಬ್ಬರು ಸರ್ಕಾರಿ ನೌಕರರನ್ನ ಪಂಚರಾಗಿ ಕರೆಸ್ತಾರೆ. ಫಿರ್ಯಾದಿ ತಂದ ದುಡ್ಡು, ನಮ್ಮ ಕೇಸಲ್ಲಿ 500ರ 16 ನೋಟು, ನಂಬರ್ ಒಂದೊಂದೇ ಬರ್ಕೋತಾರೆ, ನೋಟಿಗೆ ಫಿನಾಫ್ಥಲೀನ್ ಪೌಡರ್ ಹಚ್ತಾರೆ. ಒಬ್ಬ ಪಂಚ ಆ ನೋಟು ಎಣಿಸಿ ಫಿರ್ಯಾದಿ ಜೇಬಿಗೆ ಇಡ್ತಾನೆ, ಆಮೇಲೆ ಅವನ ಕೈನ ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿಸ್ತಾರೆ, ನೀರು ಪಿಂಕ್ ಆಗುತ್ತೆ, ಎಲ್ಲರಿಗೂ ತೋರಿಸ್ತಾರೆ. ಬಿಳಿ ಪುಡಿ ಕಣ್ಣಿಗೆ ಕಾಣಲ್ಲ, ಕ್ಷಾರದ ನೀರಿಗೆ ಬಿದ್ದಾಗ ಮಾತ್ರ ಬಣ್ಣ ಬರುತ್ತೆ, ಅಷ್ಟೇ ಅದರ ವಿದ್ಯೆ.

ಆಮೇಲೆ ಫಿರ್ಯಾದಿಗೆ ಸೂಚನೆ ಕೊಡ್ತಾರೆ: ಅವರು ಕೇಳಿದ್ರೆ ಮಾತ್ರ ಕೊಡು, ಕೇಳದೆ ನೋಟು ಮುಟ್ಬೇಡ, ಕೊಟ್ಮೇಲೆ ಹೊರಗೆ ಬಂದು ಕರ್ಚೀಫಲ್ಲಿ ತಲೆ ಒರೆಸ್ಕೋ. ಇನ್ನೊಬ್ಬ ಪಂಚನಿಗೆ ನೆರಳು ಸಾಕ್ಷಿ ಕೆಲಸ: ಫಿರ್ಯಾದಿ ಜೊತೆಗೇ ಹೋಗು, ಏನು ನಡೆಯುತ್ತೆ ನೋಡು, ಏನು ಮಾತಾಡ್ತಾರೆ ಕೇಳಿಸ್ಕೋ. ಜೇಬಿಗೆ ವಾಯ್ಸ್ ರೆಕಾರ್ಡರ್ ಬೇರೆ. ಇದೆಲ್ಲ ಬರೆದಿಡೋದೇ ಎಂಟ್ರಸ್ಟ್‌ಮೆಂಟ್ ಮಹಜರು.

ಸಿಗ್ನಲ್ ಬಂದ ಮೇಲೆ ಟೀಮ್ ಒಳಗೆ ನುಗ್ಗಿ ಎರಡೂ ಕೈ ಬೇರೆ ಬೇರೆ ಬಟ್ಟಲಲ್ಲಿ ತೊಳೆಸ್ತಾರೆ, ನೋಟು ತೆಗೆದು ನಂಬರ್ ತಾಳೆ ನೋಡ್ತಾರೆ, ನೀರನ್ನ ಸೀಸೆಗೆ ಹಾಕಿ ಸೀಲ್ ಮಾಡ್ತಾರೆ, ಆ ಕೆಲಸದ ಫೈಲ್ ಜಪ್ತಿ ಮಾಡ್ತಾರೆ, ಅಧಿಕಾರಿಯಿಂದ ಲಿಖಿತ ವಿವರಣೆ ತಗೋತಾರೆ. ಇದು ಟ್ರ್ಯಾಪ್ ಮಹಜರು. ಸೀಸೆ ವಿಧಿವಿಜ್ಞಾನ ಪ್ರಯೋಗಾಲಯ ಎಫ್‌ಎಸ್‌ಎಲ್‌ಗೆ, ಫೈಲ್ ಸ್ಯಾಂಕ್ಷನ್‌ಗೆ ಅಂದ್ರೆ ಕೇಸು ನಡೆಸೋ ಅನುಮತಿಗೆ, ಆಮೇಲೆ ಚಾರ್ಜ್‌ಶೀಟ್.

ಒಂದು ಮಾತು: ಇಲ್ಲಿ ನಾನು ಹೇಳೋ 7, 8, 17ಎ, 19, 20ನೇ ಸೆಕ್ಷನ್ ಎಲ್ಲ ಭ್ರಷ್ಟಾಚಾರ ತಡೆ ಕಾಯ್ದೆಯವು. ಟ್ರ್ಯಾಪಲ್ಲಿ ಸ್ಥಳದಲ್ಲೇ ಹಿಡಿದಾಗ 17ಎ ಕೆಳಗೆ ಮುಂಚಿತ ಅನುಮತಿ ಬೇಕಿಲ್ಲ, ಕಾನೂನಲ್ಲೇ ವಿನಾಯಿತಿ ಇದೆ. ಅನುಮತಿ ತಗೊಂಡಿಲ್ಲ ಅಂತ ಹೈಕೋರ್ಟಿಗೆ ಓಡೋರು ಇನ್ನೂ ಇದಾರೆ, ಟೈಮ್ ವೇಸ್ಟ್. ಹಾಗೇ ಲಂಚ ಕೊಟ್ಟವನೂ ಅಪರಾಧಿ ತಾನೇ ಅನ್ನೋ ವಾದ. 2018ರ ತಿದ್ದುಪಡಿಯಾದ 8ನೇ ಸೆಕ್ಷನಲ್ಲೇ, ಮೊದಲು ಪೊಲೀಸರಿಗೆ ತಿಳಿಸಿ ಆಮೇಲೆ ಹಣ ಕೊಟ್ಟವರಿಗೆ ರಕ್ಷಣೆ ಇದೆ.

## ಹಂತ 2: ಮೊದಲ ಹತ್ತು ದಿನದಲ್ಲಿ ಕೂಡಿಹಾಕ್ಬೇಕಾದ ಕಾಗದ

ಬೇಲ್ ಆದ್ಮೇಲೆ ಎಲ್ಲರೂ ಸುಸ್ತಾಗಿ ಮಲಗಿಬಿಡ್ತಾರೆ, ಚಾರ್ಜ್‌ಶೀಟ್ ಬರೋವರೆಗೂ ಯಾರೂ ಏಳಲ್ಲ, ಅಷ್ಟ್ರಲ್ಲಿ ಪಕ್ಕದ ಅಂಗಡಿ ಸಿಸಿಟಿವಿ ಅಳಿಸಿ ಹೋಗಿರುತ್ತೆ, ಫೋನ್ ಕಾಲ್ ರೆಕಾರ್ಡ್ ಇಡೋ ಅವಧಿಯೂ ಓಡ್ತಾ ಇರುತ್ತೆ. ಕಾಲ್ ರೆಕಾರ್ಡು, ಟವರ್ ಲೊಕೇಶನ್ನು, ಸಿಸಿಟಿವಿ ಉಳಿಸಿಡಿ ಅಂತ ಆವಾಗ್ಲೇ ಕೋರ್ಟಿಗೆ ಅರ್ಜಿ ಹಾಕಿ.

ಎರಡನೇದು, ಆ ಕೆಲಸ ನಿಜವಾಗ್ಲೂ ಯಾರ ಟೇಬಲ್ ಮೇಲಿತ್ತು? ನಮ್ಮ ಕೇಸಲ್ಲಿ ಪೌತಿ ಖಾತೆ ಭೂಮಿ ತಂತ್ರಾಂಶದಲ್ಲಿ ಹೋಗೋದು, ಯಾರ ಲಾಗಿನ್‌ನಿಂದ ಯಾವಾಗ ಮುಂದಕ್ಕೆ ಹೋಯ್ತು ಅನ್ನೋದು ಅದರಲ್ಲಿ ದಾಖಲಾಗಿರುತ್ತೆ. ನಮ್ಮ ವಿಎ ವರದಿ ಶನಿವಾರವೇ ಕಂದಾಯ ನಿರೀಕ್ಷಕರಿಗೆ ಹೋಗಿದೆ ಅಂದ್ಕೊಳ್ಳಿ. ಸೋಮವಾರ ಚೌಕಾಸಿ ಆಯ್ತು ಅಂತ ದೂರು. ಹೋದ ಕೆಲಸಕ್ಕೆ ಚೌಕಾಸಿ ಯಾಕೆ? ಇದು ದೊಡ್ಡ ಪ್ರಶ್ನೆ, ಆದ್ರೆ ದೃಢೀಕೃತ ಪ್ರತಿ ಕೈಯಲ್ಲಿದ್ರೆ ಮಾತ್ರ. ಬಾಯಲ್ಲಿ "ಕೆಲಸ ಬಾಕಿ ಇರ್ಲಿಲ್ಲ ಸ್ವಾಮಿ" ಅಂದ್ರೆ ಜಡ್ಜ್ ಪೆನ್ನೂ ಎತ್ತಲ್ಲ.

ಇದರ ಮಿತಿನೂ ಹೇಳ್ತೀನಿ. ಕೆಲಸ ಬಾಕಿ ಇಲ್ಲ ಅನ್ನೋದೊಂದೇ ರಾಮಬಾಣ ಅಲ್ಲ. ಫಿರ್ಯಾದಿಗೆ ಫೈಲ್ ಹೋಗಿರೋದು ಗೊತ್ತಿರ್ಲಿಲ್ಲ, ಅಧಿಕಾರಿ ಅದನ್ನ ಮುಚ್ಚಿಟ್ಟು ದುಡ್ಡು ಕೇಳಿದ್ರು ಅಂತ ಪ್ರಾಸಿಕ್ಯೂಶನ್ ಹೇಳ್ಬಹುದು, ಅಥವಾ ಮಾಡಿದ ಕೆಲಸಕ್ಕೆ ಖುಷಿಯಿಂದ ಕೊಡು ಅಂದ್ರು ಅಂತ ಹೇಳ್ಬಹುದು. ಮಾಡಿದ ಕೆಲಸಕ್ಕೆ ತಗೊಂಡ್ರೂ 7ನೇ ಸೆಕ್ಷನ್ ಬಿಡಲ್ಲ. ಆದ್ರೆ ದೂರಲ್ಲಿ "ಇನ್ನೂ ವರದಿ ಕಳ್ಸಿಲ್ಲ, ದುಡ್ಡು ಕೊಟ್ರೆ ಕಳಿಸ್ತೀನಿ ಅಂದ್ರು" ಅಂತ ಬರೆದಿದ್ರೆ, ಲಾಗ್ ನೇರವಾಗಿ ಆ ಮಾತಿಗೇ ಡಿಕ್ಕಿ ಹೊಡೆಯುತ್ತೆ. ಹಾಗಾಗಿ ದೂರಿನ ಪದ ಪದವೂ ಓದಿ.

ಮೂರನೇದು ಹಾಜರಿ. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಕಚೇರಿಯಲ್ಲಿ ಕೇಳಿದ್ರು ಅಂತ ಇದ್ದು, ಆ ಹೊತ್ತಿಗೆ ವಿಎ ತಾಲ್ಲೂಕು ಕಚೇರಿ ಮೀಟಿಂಗಲ್ಲಿ ಸಹಿ ಹಾಕಿದ್ರೆ ಆ ಪುಸ್ತಕ ಬೇಕು. ಟವರ್ ಲೊಕೇಶನ್ ಬೇಕು ಅಂದಿದ್ದೂ ಇದಕ್ಕೇ.

## ಹಂತ 3: ಸ್ಥಳದಲ್ಲಿ ಕೊಟ್ಟ ವಿವರಣೆ ಏನಿದೆ ನೋಡಿ

ಟ್ರ್ಯಾಪ್ ಆದ ಗಾಬರಿಯಲ್ಲಿ ನೌಕರ ಏನು ಬರೆದುಕೊಟ್ಟಿದಾನೆ ಅನ್ನೋದು ಇಡೀ ಕೇಸಿನ ದಿಕ್ಕು ಹೇಳುತ್ತೆ. "ಬಲವಂತವಾಗಿ ರಿಜಿಸ್ಟರ್ ಕೆಳಗೆ ಇಟ್ಟು ಹೋದ" ಅಂತ ಅವತ್ತೇ ಬರೆದಿದ್ರೆ, ವಿಚಾರಣೆಯಲ್ಲಿ ಅದೇ ಮಾತಿಗೆ ತೂಕ ಬರುತ್ತೆ. ಅವತ್ತು ಸುಮ್ಮನಿದ್ದು ಮೂರು ವರ್ಷ ಆದ್ಮೇಲೆ ಹೊಸ ಕತೆ ತಂದ್ರೆ, ವಕೀಲರು ಹೇಳ್ಕೊಟ್ಟಿದ್ದು ಅಂತ ಎದುರಿನವರು ಹೇಳೇ ಹೇಳ್ತಾರೆ. ಪೊಲೀಸರ ಮುಂದೆ ಮಾಡ್ಕೊಂಡ ತಪ್ಪೊಪ್ಪಿಗೆ ಸಾಕ್ಷ್ಯ ಆಗಲ್ಲ ಅನ್ನೋದು ನಿಜ, ಹಾಗಾಗಿ "ತಪ್ಪಾಯ್ತು, ಕ್ಷಮಿಸಿ" ಅಂತ ಬರೆಸ್ಕೊಂಡಿದ್ರೆ ಅದನ್ನ ಕೋರ್ಟಲ್ಲಿ ದಾಖಲೆಯಾಗಿ ಗುರುತು ಮಾಡುವಾಗ್ಲೇ ಆಕ್ಷೇಪ ಎತ್ತಿ ದಾಖಲು ಮಾಡಿಸ್ಬೇಕು, ಆಮೇಲೆ ಅಪೀಲಲ್ಲಿ ನೆನಪಾದ್ರೆ ಕಷ್ಟ.

ನಾನು ಅತಿ ಹೆಚ್ಚು ನೋಡೋ ಅಪಾಯದ ಗುರುತು ಅಂದ್ರೆ ಎರಡು ದೋಣಿ ಮೇಲೆ ಕಾಲು. "ಬಲವಂತವಾಗಿ ಇಟ್ಟ" ಅಂತಾನೂ ಹೇಳೋದು, "ಅದು ನನಗೆ ಕೊಡ್ಬೇಕಿದ್ದ ಕೈಸಾಲ" ಅಂತಾನೂ ಹೇಳೋದು. ಸಾಲ ವಾಪಸ್ ಬಂದಿದ್ರೆ ಬಲವಂತ ಎಲ್ಲಿಂದ ಬಂತು? ಕಕ್ಷಿದಾರರನ್ನ ಮೊದಲ ದಿನವೇ ಕೂರಿಸಿ, ಬಾಗಿಲು ಹಾಕ್ಕೊಂಡು, ನಿಜ ಏನು ಅಂತ ಕೇಳಿ, ಒಂದೇ ದೋಣಿ ಹತ್ತಿ.

## ಹಂತ 4: ಪಿಂಕ್ ನೀರಿಗೆ ಎಷ್ಟು ಬೆಲೆ

ಕೈ ಪಿಂಕ್ ಅಂದ್ರೆ ಪೌಡರ್ ಕೈಗೆ ತಾಗಿದೆ ಅಂತ, ಅಷ್ಟೇ. ಯಾರು ಕೇಳಿದ್ರು, ಯಾಕೆ ಕೊಟ್ರು ಅಂತ ನೀರು ಹೇಳಲ್ಲ. ಪೌಡರ್ ಮುಟ್ಟಿದ ಫಿರ್ಯಾದಿ ಕೈ ಕುಲುಕಿದ್ರೂ, ಇಟ್ಟ ನೋಟನ್ನ "ಏಯ್ ತಗೊಂಡೋಗು" ಅಂತ ತಳ್ಳಿದ್ರೂ ಬಣ್ಣ ಬರುತ್ತೆ. ಎಫ್‌ಎಸ್‌ಎಲ್ ವರದಿಯಲ್ಲೂ ಫಿನಾಫ್ಥಲೀನ್ ಇದೆ, ಸೋಡಿಯಂ ಕಾರ್ಬೊನೇಟ್ ಇದೆ ಅಂತ ಮಾತ್ರ ಇರುತ್ತೆ.

ಕೋರ್ಟಲ್ಲಿ ಸೀಸೆ ತೆಗೆದು ಮೇಜಿನ ಮೇಲಿಟ್ಟಾಗ ನೀರು ಬೆಳ್ಳಗಾಗಿ ತಳದಲ್ಲಿ ಏನೋ ಗಸಿ ಕೂತಿರೋದು ನೋಡಿರ್ತೀರಿ. ಅದನ್ನ ನೋಡಿ ಜೂನಿಯರ್‌ಗೆ ನಿಧಿ ಸಿಕ್ಕಷ್ಟು ಸಂತೋಷ. ವರ್ಷಗಟ್ಟಲೆ ಇಟ್ರೆ ಆ ಬಣ್ಣ ಇಳಿಯೋದು ಸಹಜ, ಜಡ್ಜಿಗೂ ಗೊತ್ತು, ಅಲ್ಲಿ ಗುದ್ದಾಡ್ಬೇಡಿ.

ಗುದ್ದಾಡ್ಬೇಕಾದ್ದು ಕೈ ಲೆಕ್ಕದಲ್ಲಿ. ಮಹಜರಲ್ಲಿ "ಎರಡೂ ಕೈಯಿಂದ ಎಣಿಸಿ ರಿಜಿಸ್ಟರ್ ಕೆಳಗೆ ಇಟ್ರು" ಅಂತ ಫಿರ್ಯಾದಿ ಹೇಳಿಕೆ, ಆದ್ರೆ ಎಡಗೈ ನೀರು ಬಣ್ಣ ಬಂದಿಲ್ಲ. 16 ನೋಟು ಒಂದೇ ಕೈಯಲ್ಲಿ ಎಣಿಸೋಕಾಗುತ್ತಾ? ಎಣಿಸಿ ನೋಡಿ ಮನೇಲಿ. ಬಲಗೈ ಒಂದೇ ತಾಗಿದೆ ಅಂದ್ರೆ ನೋಟು ತಳ್ಳಿದ್ದು ಅನ್ನೋ ವಿವರಣೆಗೆ ಜಾಗ ಸಿಗುತ್ತೆ. ಹಾಗೇ ಪೌಡರ್ ಹಚ್ಚಿದ ಸಿಬ್ಬಂದಿಯೇ ಆಮೇಲೆ ಸ್ಥಳಕ್ಕೂ ಬಂದು ಕೈ ತೊಳೆಸಿದ್ನಾ, ಎರಡೂ ಕಡೆ ಬಟ್ಟಲು ಅದೇನಾ, ಫಿರ್ಯಾದಿ ಒಳಗೆ ಹೋದ ತಕ್ಷಣ ಕೈ ಕುಲುಕಿದ್ನಾ, ಇಷ್ಟು ಕೇಳಿ ಮುಂದೆ ಹೋಗಿ.

## ಹಂತ 5: ಬೇಡಿಕೆ – ಇಲ್ಲೇ ಕೂತ್ಕೊಳ್ಳಿ

ಹಣ ಸಿಕ್ಕಿತು ಅಂದ ಮಾತ್ರಕ್ಕೆ ಶಿಕ್ಷೆ ಇಲ್ಲ, ಬೇಡಿಕೆ ಸಾಬೀತಾಗ್ಲೇಬೇಕು ಅಂತ ಸುಪ್ರೀಂ ಕೋರ್ಟ್ 2014ರ ಬಿ. ಜಯರಾಜ್, 2015ರ ಪಿ. ಸತ್ಯನಾರಾಯಣ ಮೂರ್ತಿ ಕೇಸುಗಳಲ್ಲಿ ಹೇಳ್ತು. 2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತಾ ಕೇಸಲ್ಲಿ ಐದು ಜಡ್ಜ್‌ಗಳ ಪೀಠ ಅದನ್ನ ಉಳಿಸ್ಕೊಂಡು ಜೊತೆಗೆ ಒಂದು ದೊಡ್ಡ ಮಾತು ಸೇರಿಸ್ತು: ಫಿರ್ಯಾದಿ ಸತ್ತಿದ್ರೂ, ಹೋಸ್ಟೈಲ್ ಆದ್ರೂ, ಬೇರೆ ಸಾಕ್ಷಿಗಳಿಂದ ಅಥವಾ ಸಾಂದರ್ಭಿಕ ಸಾಕ್ಷ್ಯದಿಂದ ಬೇಡಿಕೆ ಸಾಬೀತು ಮಾಡ್ಬಹುದು.

ಹೋಸ್ಟೈಲ್ ಭರವಸೆಯ ಗಾಳಿ ಹೋಗಿದ್ದು ಅಲ್ಲಿ. ಸಾಕ್ಷಿನ ಒಲಿಸೋಕೆ ಹೋದ್ರೆ ಬೇಲ್ ಹೋಗುತ್ತೆ, ಇನ್ನೊಂದು ಕೇಸೂ ಬೀಳುತ್ತೆ, ಅದು ಬೇರೆ ಮಾತು. ಅಷ್ಟೆಲ್ಲ ಮಾಡಿ ಒಲಿಸಿದ್ರೂ ರೆಕಾರ್ಡಿಂಗು, ನೆರಳು ಸಾಕ್ಷಿ ಗಟ್ಟಿ ಇದ್ರೆ ಲಾಭ ಇಲ್ಲ.

ಬೇಡಿಕೆನ ಎರಡು ಭಾಗ ಮಾಡಿ ನೋಡಿ. ಟ್ರ್ಯಾಪ್‌ಗೆ ಮುಂಚಿನ ಬೇಡಿಕೆ, ನಮ್ಮ ಕೇಸಲ್ಲಿ ಶುಕ್ರವಾರ ಮತ್ತೆ ಸೋಮವಾರದ್ದು, ಇದಕ್ಕೆ ಸಾಮಾನ್ಯವಾಗಿ ಫಿರ್ಯಾದಿ ಬಾಯಿ ಮಾತೊಂದೇ ಇರುತ್ತೆ. ಅವನಿಗೆ ವಿಎ ಮೇಲೆ ಹಳೇ ಸಿಟ್ಟಿತ್ತಾ, ಒತ್ತುವರಿ ವರದಿ ಕೊಟ್ಟಿದ್ರಾ, ಎಷ್ಟು ಸಲ ಭೇಟಿ ಆದ, ಪ್ರತಿ ಸಲ ಜೊತೆಗ್ಯಾರಿದ್ರು, ಸೋಮವಾರ ಫೋನಲ್ಲಿ ರೆಕಾರ್ಡ್ ಮಾಡಿದೀನಿ ಅಂತ ದೂರಲ್ಲಿದ್ರೆ ಆ ಫೋನ್ ಎಲ್ಲಿ?

ಇನ್ನೊಂದು ಟ್ರ್ಯಾಪ್ ಹೊತ್ತಿನ ಬೇಡಿಕೆ, ಕೇಸಿನ ಜೀವ ಇಲ್ಲಿದೆ. ನಮ್ಮ ಕೇಸಿನ ರೆಕಾರ್ಡಿಂಗಲ್ಲಿ ಕೇಳ್ಸೋದು ಇಷ್ಟು:

"ತಂದಿದೀಯಾ?"
"ಹ್ಞೂ ಸಾರ್, ತಂದಿದೀನಿ."
"ಇಡು ಅಲ್ಲಿ."

ಪ್ರಾಸಿಕ್ಯೂಶನ್‌ಗೆ ಇದೇ ಬೇಡಿಕೆ. ಏನು ತಂದಿದ್ದು? ದುಡ್ಡು ಅನ್ನೋ ಪದವೇ ಇಲ್ಲ. ಫೈಲ್ ತೆಗೆದು ನೋಡಿದ್ರೆ ವಂಶವೃಕ್ಷದ ಮೂಲ ಪ್ರತಿ ಇಲ್ಲ, ಜೆರಾಕ್ಸ್ ಮಾತ್ರ ಇದೆ, ಮೂಲ ತರ್ಬೇಕು ಅಂತ ವಿಎ ಹಿಂಬರಹ ಬೇರೆ ಇದೆ ಅಂದ್ಕೊಳ್ಳಿ. ಹಾಗಿದ್ರೆ "ತಂದಿದೀಯಾ" ಅನ್ನೋದಕ್ಕೆ ಇನ್ನೊಂದು ಸಹಜ ಅರ್ಥ ನಿಂತ್ಕೊಂಡ್ತು. ಆದ್ರೆ ಇಲ್ಲೇ ಎಡವೋದು: ಶನಿವಾರ ವರದಿ ಹೋಗಿದೆ ಅಂತ ಮೇಲೆ ಹೇಳಿದ್ವಲ್ಲ, ವರದಿ ಹೋದ್ಮೇಲೆ ಬುಧವಾರ ವಂಶವೃಕ್ಷ ಯಾಕೆ ಕೇಳಿದ್ರು ಅಂತ ಪ್ರಾಸಿಕ್ಯೂಟರ್ ಕೇಳಿಯೇ ಕೇಳ್ತಾರೆ. ಮೂಲ ಪ್ರತಿ ಕಚೇರಿ ಕಡತಕ್ಕೆ ಆಮೇಲೆ ಬೇಕಿತ್ತು ಅಂತ ಹಿಂಬರಹದ ದಿನಾಂಕದಿಂದಲೇ ತೋರಿಸ್ಬೇಕು, ತೋರಿಸೋಕಾಗ್ದಿದ್ರೆ ಎರಡರಲ್ಲಿ ಒಂದು ವಾದ ಕೈಬಿಡಿ. ನಿಮ್ಮ ಎರಡು ಒಳ್ಳೆ ಪಾಯಿಂಟ್ ಒಂದನ್ನೊಂದು ಕೊಲ್ಲೋದು ಟ್ರ್ಯಾಪ್ ಕೇಸಲ್ಲಿ ತುಂಬಾ ಕಾಮನ್.

## ಹಂತ 6: ನೆರಳು ಸಾಕ್ಷಿ ಎಲ್ಲಿ ನಿಂತಿದ್ದ

ನಮ್ಮ ವಿಎ ಅಪರಿಚಿತ ಮುಖ ನೋಡಿ "ನೀವ್ ಸ್ವಲ್ಪ ಹೊರಗಿರಿ" ಅಂದ್ರಂತೆ. ನೆರಳು ಸಾಕ್ಷಿ ಜಗಲಿ ಮೇಲೆ ನಿಂತ. ಮಹಜರಲ್ಲಿ ಮಾತ್ರ "ಕೇಳಿಸಿಕೊಂಡಿರುತ್ತೇನೆ" ಅಂತ ನೀಟಾಗಿ ಇದೆ. ಪಾಟಿ ಸವಾಲಲ್ಲಿ ನೇರವಾಗಿ "ಕೇಳ್ಸಿಲ್ಲ ತಾನೇ" ಅಂದ್ರೆ ಅವನು "ಕೇಳ್ಸಿತ್ತು" ಅಂತಾನೆ, ಬಾಗಿಲು ಮುಚ್ತು. ಬದಲಿಗೆ ಜಾಗದಿಂದ ಶುರು ಮಾಡಿ: ಜಗಲಿಯಿಂದ ಮೇಜಿಗೆ ಎಷ್ಟು ಹೆಜ್ಜೆ, ಬಾಗಿಲಿಗೆ ಪರದೆ ಇತ್ತಾ, ಎಷ್ಟು ಜನ ಸರದೀಲಿ ನಿಂತಿದ್ರು, ಫ್ಯಾನ್ ಓಡ್ತಿತ್ತಾ, ನೀವು ರಸ್ತೆ ಕಡೆ ಮುಖ ಮಾಡಿದ್ರಾ. ಕೊನೇಗೆ ಸ್ಥಳದ ನಕ್ಷೆ ಕೈಗೆ ಕೊಟ್ಟು ನಿಂತ ಜಾಗ ತೋರಿಸಿ ಅನ್ನಿ. ನಕ್ಷೆ ತಯಾರು ಮಾಡಿದವರು ನೆರಳು ಸಾಕ್ಷಿ ನಿಂತ ಜಾಗವನ್ನೇ ಗುರುತು ಹಾಕಿರಲ್ಲ, ಎಷ್ಟೋ ಸಲ.

2022ರ ಕೆ. ಶಾಂತಮ್ಮ ಕೇಸು (ತೆಲಂಗಾಣದ್ದು) ಓದಿ. ಜೊತೆಗಿದ್ದು ನೋಡ್ಬೇಕಾದ ಸಾಕ್ಷಿ ಒಳಗೆ ಹೋಗದೆ ಹೊರಗೇ ಉಳಿದಿದ್ದ, ಬೇಡಿಕೆಗೆ ಫಿರ್ಯಾದಿ ಮಾತಷ್ಟೇ ಉಳೀತು, ಅದ್ರಲ್ಲೂ ಮೊದಲು ಹೇಳದ ಮಾತು ಆಮೇಲೆ ಸೇರಿಸಿದ್ದು ಇತ್ತು. ಸುಪ್ರೀಂ ಕೋರ್ಟ್ ಬಿಡುಗಡೆ ಮಾಡ್ತು. ನಮ್ಮ ದಾವಣಗೆರೆ ಲೋಕಾಯುಕ್ತ ಪೊಲೀಸರ ಟ್ರ್ಯಾಪ್ ಒಂದರಲ್ಲೂ ಹೈಕೋರ್ಟ್ ಕೊಟ್ಟಿದ್ದ ಬಿಡುಗಡೆಯನ್ನ ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡೀತು, ಬೇಡಿಕೆ ಸಾಬೀತಾಗದೆ 20ನೇ ಸೆಕ್ಷನ್ನಿನ ಊಹೆ ತಾನಾಗೇ ಬರಲ್ಲ ಅಂತ.

ಆ 20ನೇ ಸೆಕ್ಷನ್ ಬಗ್ಗೆ: ಬೇಡಿಕೆ, ಸ್ವೀಕಾರ ಎರಡೂ ಸಾಬೀತಾದ್ರೆ ಅದು ಲಂಚಕ್ಕೇ ತಗೊಂಡಿದ್ದು ಅಂತ ಕೋರ್ಟ್ ಊಹಿಸ್ಬೇಕು. ಆಗ ಹೊರೆ ನಿಮ್ಮ ಮೇಲೆ. ಸಂಶಯಾತೀತವಾಗಿ ತೋರಿಸೋದು ಬೇಡ, ನಿಮ್ಮ ವಿವರಣೆ ನಂಬೋ ಹಾಗಿದೆ ಅನ್ನೋವಷ್ಟು ಸಾಕು, ಆದ್ರೆ ಸುಮ್ಮನೆ ನಿರಾಕರಿಸಿದ್ರೆ ಸಾಲಲ್ಲ.

## ಹಂತ 7: ರೆಕಾರ್ಡಿಂಗ್

ಚಾರ್ಜ್‌ಶೀಟ್ ಜೊತೆ ಸಿಡಿ ಕೊಡ್ತಾರೆ, ಬಹಳ ಜನ ಹಾಕಿ ಕೇಳೋದೇ ಇಲ್ಲ, ಮಹಜರಲ್ಲಿ ಟೈಪ್ ಮಾಡಿದ ಸಂಭಾಷಣೆ ಓದಿ ಸುಮ್ಮನಾಗ್ತಾರೆ. ಹೆಡ್‌ಫೋನ್ ಹಾಕ್ಕೊಂಡು ಮೂರು ಸಲ ಕೇಳಿ. ಟೈಪ್ ಮಾಡಿದ್ರಲ್ಲಿ "ದುಡ್ಡು ತಂದಿದೀಯಾ" ಅಂತಿದ್ದು, ಆಡಿಯೋದಲ್ಲಿ ಬರೀ "ತಂದಿದೀಯಾ" ಇದ್ರೆ ಇದಕ್ಕಿಂತ ಇನ್ನೇನು ಬೇಕು.

ಮೂಲ ರೆಕಾರ್ಡರ್ ಕೋರ್ಟಿಗೆ ಬಂದಿದ್ಯಾ, ಅಥವಾ ಸಿಡಿಗೆ ಕಾಪಿ ಮಾಡಿ ರೆಕಾರ್ಡರ್‌ನ ಮುಂದಿನ ಟ್ರ್ಯಾಪ್‌ಗೆ ಬಳಸಿದ್ರಾ? ಕಾಪಿ ಅಂದ್ಮೇಲೆ ಸರ್ಟಿಫಿಕೇಟ್ ಕಡ್ಡಾಯ, ಮುಂಚೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ, 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್, ಹೊಸ ನಮೂನೆಯಲ್ಲಿ ಆ ಫೈಲಿನ ಬೆರಳಚ್ಚಿನಂಥ ಹ್ಯಾಶ್ ವ್ಯಾಲ್ಯೂನೂ ಬರೀಬೇಕು. ಸರ್ಟಿಫಿಕೇಟ್ ಇಲ್ಲ ಅನ್ನೋ ಆಕ್ಷೇಪನ ಸಿಡಿ ಗುರುತಿಸೋ ದಿನವೇ ಎತ್ತಿ. ಆದ್ರೆ ಅದನ್ನೇ ನೆಚ್ಕೊಂಡು ಕೂರ್ಬೇಡಿ, ವಿಚಾರಣೆ ಮುಗಿಯೋದ್ರೊಳಗೆ ಸರ್ಟಿಫಿಕೇಟ್ ತರೋಕೆ ಕೋರ್ಟ್ ಅವಕಾಶ ಕೊಡ್ಬಹುದು.

## ಹಂತ 8: ಸ್ಯಾಂಕ್ಷನ್, ಆಮೇಲೆ ಇಲಾಖಾ ವಿಚಾರಣೆ

19ನೇ ಸೆಕ್ಷನ್ ಕೆಳಗೆ ಸ್ಯಾಂಕ್ಷನ್ ಕೊಡೋರು ಆ ನೌಕರನನ್ನ ಕೆಲಸದಿಂದ ತೆಗೆಯೋ ಅಧಿಕಾರ ಇರೋರು ಆಗಿರ್ಬೇಕು, ಕಾಗದ ಓದಿ ಮನಸ್ಸು ಹಾಕಿರ್ಬೇಕು. ತಕರಾರು ಇದ್ರೆ ಶುರುವಿನಲ್ಲೇ ಎತ್ತಿ. ಕೊನೇಲಿ ಎತ್ತಿದ್ರೆ, ಇದರಿಂದ ನ್ಯಾಯಕ್ಕೆ ಏನು ಧಕ್ಕೆ ಆಯ್ತು ತೋರಿಸಿ ಅಂತಾರೆ, ತೋರಿಸೋದು ಕಷ್ಟ.

ಇನ್ನು ಕೋರ್ಟಲ್ಲಿ ಗೆದ್ದ ಖುಷೀಲಿ ಮರೆಯೋದು ಇಲಾಖಾ ವಿಚಾರಣೆ. ಕಸ್ಟಡಿಯಲ್ಲಿ 48 ಗಂಟೆ ಮೀರಿದ್ರೆ ಅಮಾನತು ಆಯ್ತು ಅಂತಲೇ ಲೆಕ್ಕ, ಮತ್ತೆ ಸರ್ಕಾರಿ ನೌಕರರ ಶಿಸ್ತಿನ ಸಿಸಿಎ ನಿಯಮ 14ಎ ಕೆಳಗೆ ವಿಚಾರಣೆ ಲೋಕಾಯುಕ್ತಕ್ಕೋ ಉಪಲೋಕಾಯುಕ್ತಕ್ಕೋ ಹೋಗುತ್ತೆ. ಅಲ್ಲಿ ಸಂಶಯಾತೀತ ಅನ್ನೋ ಅಳತೆ ಇಲ್ಲ, ಅದೇ ಪಂಚ, ಅದೇ ಮಹಜರು, ಸಾಧ್ಯತೆ ಯಾವ ಕಡೆ ಜಾಸ್ತಿ ಅಂತ ನೋಡ್ತಾರೆ. ಕೋರ್ಟಲ್ಲಿ ಬಿಡುಗಡೆಯಾಗಿ ಇಲ್ಲಿ ಕೆಲಸ ಕಳ್ಕೊಂಡೋರು ಇದಾರೆ. ನೆರಳು ಸಾಕ್ಷಿ ಸಾಮಾನ್ಯವಾಗಿ ಎರಡೂ ಕಡೆ ಸಾಕ್ಷಿ ಹೇಳ್ತಾನೆ, ಆದ್ದರಿಂದ ಮೊದಲು ಎಲ್ಲಿ ಹೇಳ್ತಾನೋ ಅಲ್ಲಿಯ ಹೇಳಿಕೆಯ ದೃಢೀಕೃತ ಪ್ರತಿ ಅವತ್ತೇ ಅರ್ಜಿ ಹಾಕಿ ತಗೊಳ್ಳಿ. "ಜಗಲಿ ಮೇಲೆ ನಿಂತಿದ್ದೆ, ಕೇಳ್ಸಿಲ್ಲ" ಅಂತ ಒಂದು ಕಡೆ ಹೇಳಿ ಇನ್ನೊಂದು ಕಡೆ "ಬಾಗಿಲಲ್ಲೇ ಇದ್ದೆ" ಅಂದ್ರೆ, ಆ ಪ್ರತಿನ ಅವನ ಮುಂದೆ ಇಟ್ಟು ಸಹಿ ಯಾರದ್ದು ಅಂತ ಕೇಳೋದ್ರಿಂದ ಶುರು ಮಾಡಿ.